ಬಾಡಿಗೆ ಮನೆಯ ಜಾಹೀರಾತು: ಕುಂದುಗಳನ್ನೂ ಬರೆಯಿರಿ

‘ಸುಂದರವಾದ, ವಿಶಾಲವಾದ ಡಬಲ್ ಬೆಡ್‌ರೂಮ್ ಮನೆ. ಒಳ್ಳೆ ಗಾಳಿ ಬೆಳಕು. ನೀರಿನ ಸಮಸ್ಯೆ ಇಲ್ಲ. ಸಣ್ಣ ಕುಟುಂಬಕ್ಕೆ ಮಾತ್ರ.’ ಬೆಂಗಳೂರಿನಲ್ಲಿ ಮನೆ ಹುಡುಕಿದವರೆಲ್ಲ ಈ ಸಾಲುಗಳನ್ನು ಓದಿರುತ್ತಾರೆ. ಇಂಥ ಜಾಹೀರಾತಿಗೆ ಫೋನ್ ಕರೆಗಳು ಬೇಕಾದಷ್ಟು ಬರುತ್ತವೆ. ಜನ ಬಂದು ಮನೆ ನೋಡುತ್ತಾರೆ, ‘ಹೇಳ್ತೀವಿ ಸಾರ್’ ಎಂದು ಹೋಗುತ್ತಾರೆ, ಮತ್ತೆ ಸುದ್ದಿಯೇ ಇರುವುದಿಲ್ಲ. ಲಿಫ್ಟ್ ಇಲ್ಲ ಅನ್ನುವುದು ಅವರಿಗೆ ಎರಡನೇ ಮಹಡಿ ಹತ್ತಿದ ಮೇಲೆ ಗೊತ್ತಾಗಿರುತ್ತದೆ. ಬರೆಯಬೇಕಾದ ಮಾತು ಬರೆಯದೆ ಹೋದರೆ ಓನರಿನ ಭಾನುವಾರಗಳು ಹೀಗೆ ಕಳೆಯುತ್ತವೆ.

ಒಂದು ಮನೆಯನ್ನೇ ಇಟ್ಟುಕೊಂಡು ನೋಡೋಣ. ವಿಜಯನಗರದಲ್ಲಿ 30x40 ಸೈಟಿನ ಕಟ್ಟಡ. ಕೆಳಗೆ ಓನರ್, ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಡಬಲ್ ಬೆಡ್‌ರೂಮ್ ಮನೆ. ಲಿಫ್ಟ್ ಇಲ್ಲ, ಕಾರ್ ನಿಲ್ಲಿಸಲು ಜಾಗ ಇಲ್ಲ. ಮೆಟ್ರೋ ನಿಲ್ದಾಣಕ್ಕೆ 12 ನಿಮಿಷದ ನಡಿಗೆ.

ಮೊದಲು ಟೇಪ್ ಹಿಡಿದು ಒಳಗಿನ ಗೋಡೆಯಿಂದ ಗೋಡೆಗೆ ಅಳೆಯಿರಿ. ‘ವಿಶಾಲ’ ಅನ್ನುವ ಪದ ಬಿಟ್ಟುಬಿಡಿ. ಚಿಕ್ಕ ಬೆಡ್‌ರೂಮ್ 9x10 ಅಡಿ ಇದ್ದರೆ ಹಾಗೇ ಬರೆಯಿರಿ, ಜೊತೆಗೆ ಏನು ಹಿಡಿಸುತ್ತದೆ ಅನ್ನುವುದನ್ನೂ ಸೇರಿಸಿ. 9 ಅಡಿಯಲ್ಲಿ ವಾರ್ಡ್‌ರೋಬ್ 2 ಅಡಿ ತಿಂದರೆ ಉಳಿಯುವುದು 7. ಅಲ್ಲಿ 5 ಅಡಿ ಅಗಲದ ಮಂಚ ಹಾಕಿದರೆ ಓಡಾಡಬಹುದು. 6 ಅಡಿಯದು ಹಾಕಿದರೆ ವಾರ್ಡ್‌ರೋಬ್ ಬಾಗಿಲೇ ಸರಿಯಾಗಿ ತೆರೆಯುವುದಿಲ್ಲ. ದೊಡ್ಡ ಮಂಚ ಇರುವವರು ಇಷ್ಟು ಓದಿ ಮನೆಯಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಫೋಟೊ ತೆಗೆಯುವುದು ಸುಲಭ: ಬೆಳಗ್ಗೆ, ಕಿಟಕಿ ತೆರೆದು, ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು. ಬಾತ್‌ರೂಮ್, ಯುಟಿಲಿಟಿ, ಮೆಟ್ಟಿಲು ಬಿಡಬೇಡಿ. ಫೋನಿನ ವೈಡ್ ಆ್ಯಂಗಲ್ ಮಾತ್ರ ಬೇಡ. ಅದು 10 ಅಡಿಯ ಕೋಣೆಯನ್ನು ಮದುವೆ ಹಾಲ್ ಮಾಡಿ ತೋರಿಸುತ್ತದೆ. ಮನೆಗೆ ಬಂದವರಿಗೆ ಮೊದಲ ಹೆಜ್ಜೆಯಲ್ಲೇ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಹೆಚ್ಚಿನವರು ಎಡವುವುದು ಮನೆಯ ಕುಂದುಗಳನ್ನು ಬರೆಯುವಾಗ. ಕೆಲವರು ಪೂರ್ತಿ ಮುಚ್ಚಿಡುತ್ತಾರೆ. ಇನ್ನು ಕೆಲವರು ‘ಸ್ವಲ್ಪ ಬಿಸಿಲು’, ‘ಸ್ವಲ್ಪ ನೀರಿನ ತೊಂದರೆ’ ಎಂದು ಬರೆದು ಸುಮ್ನೆ ಹೆದರಿಸುತ್ತಾರೆ. ‘ಸ್ವಲ್ಪ’ ಎಂದರೆ ಎಷ್ಟು ಅಂತ ಓದುವವರಿಗೆ ಗೊತ್ತಾಗುವುದಿಲ್ಲ, ಅವರು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಕುಂದಿಗೆ ಮೂರು ಮಾತು ಬರೆಯಿರಿ. ಏನು ತೊಂದರೆ, ಯಾವಾಗ ಅಥವಾ ಎಷ್ಟು, ಅದಕ್ಕೆ ನೀವು ಏನು ಮಾಡಿದ್ದೀರಿ.

ಬಿಸಿಲಿನ ವಿಷಯ ತಗೊಳ್ಳಿ. ‘ದೊಡ್ಡ ಬೆಡ್‌ರೂಮಿನ ಕಿಟಕಿ ಪಶ್ಚಿಮಕ್ಕಿದೆ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ 3ರಿಂದ ಸಂಜೆವರೆಗೆ ಕೋಣೆ ಬಿಸಿ ಇರುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿದ್ದೇವೆ, ಎ.ಸಿ.ಗೆ ಪಾಯಿಂಟ್ ಇದೆ.’ ಹಗಲಿಡೀ ಆಫೀಸಿನಲ್ಲಿರುವ ದಂಪತಿಗೆ ಇದು ತೊಂದರೆಯೇ ಅಲ್ಲ. ಮನೆಯಿಂದಲೇ ಕೆಲಸ ಮಾಡುವವರು ಯೋಚಿಸುತ್ತಾರೆ. ಯೋಚಿಸಲಿ, ಏಪ್ರಿಲ್‌ನಲ್ಲಿ ಮನೆ ಬಿಟ್ಟುಹೋಗುವುದಕ್ಕಿಂತ ಅದು ಒಳ್ಳೆಯದು ಅಲ್ವಾ?

ನೀರಿನ ಬಗ್ಗೆ ಇನ್ನೂ ಬಿಡಿಸಿ ಬರೆಯಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. ಟ್ಯಾಂಕರ್‌ಗೆ ಕಾದು ಕೂತಿದ್ದವರಿಗೆ ‘ನೀರಿನ ಸಮಸ್ಯೆ ಇಲ್ಲ’ ಅನ್ನುವ ಸಾಲು ಸಾಕಾಗುವುದಿಲ್ಲ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ಇದೆಯೇ, ಸಂಪು ಎಷ್ಟು ಲೀಟರಿನದು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು, ನಾಲ್ಕನ್ನೂ ಹೇಳಿ. ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಇಲ್ಲದಿದ್ದರೆ ಜಗಳ ಶುರುವಾಗುವುದೇ ಅಲ್ಲಿ.

ಕರೆಂಟ್ ಮೀಟರ್ ಬೇರೆ ಇದೆಯೇ ಅನ್ನುವುದನ್ನೂ ಬರೆಯಿರಿ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಅದಕ್ಕೆ ಮನೆಯ ಮೀಟರಿನ ವಿವರ ಕೊಡಬೇಕು. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಬಿಲ್ ಹಂಚಿಕೊಳ್ಳುವುದು ಹೇಗೆ ಅಂತ ಜಾಹೀರಾತಿನಲ್ಲೇ ಹೇಳಿಬಿಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಬಾಡಿಗೆ ಬರೆಯದೆ ‘ಫೋನ್ ಮಾಡಿ’ ಅನ್ನಬೇಡಿ. ಅದರಿಂದ ಬರುವುದು ಬರೀ ರೇಟ್ ಕೇಳುವ ಕರೆಗಳು. ‘ನೆಗೋಷಿಯಬಲ್’ ಅಂತಲೂ ಹಾಕಬೇಡಿ, ಹಾಕಿದರೆ ಮನೆ ನೋಡುವ ಮೊದಲೇ ಚೌಕಾಸಿ ಶುರು. ಬಾಡಿಗೆ, ಮೇಂಟೆನೆನ್ಸ್, ಅದರಲ್ಲಿ ಏನೇನು ಸೇರಿದೆ, ಅಡ್ವಾನ್ಸ್ ಎಷ್ಟು, ಇಷ್ಟೂ ಒಟ್ಟಿಗೆ ಬರಲಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಬೆಂಗಳೂರಿನಲ್ಲಿದೆ. ನೀವೂ ಹಿಡಿಯುವವರಾದರೆ ಈಗಲೇ ತಿಳಿಸಿ. ಅಡ್ವಾನ್ಸ್ ವಾಪಸ್ ಕೊಡುವ ದಿನ ಬಾಯಿ ಬಿಟ್ಟರೆ ಮೋಸ ಮಾಡಿದಂತೆಯೇ ಆಗುತ್ತದೆ.

‘ಡೀಸೆಂಟ್ ಫ್ಯಾಮಿಲಿ’, ‘ಬ್ಯಾಚುಲರ್ಸ್ ಬೇಡ’ ಅನ್ನುವ ಸಾಲುಗಳನ್ನು ತೆಗೆದುಹಾಕಿ. ಡೀಸೆಂಟ್ ಅಲ್ಲ ಎಂದುಕೊಂಡು ಯಾರೂ ಹಿಂದೆ ಸರಿಯುವುದಿಲ್ಲ. ಜಾತಿ, ಧರ್ಮ ಕೇಳುವುದು ಸಣ್ಣತನ, ಬಾಡಿಗೆ ಸಮಯಕ್ಕೆ ಬರುತ್ತದೋ ಇಲ್ಲವೋ ಎನ್ನುವುದು ಅದರಿಂದ ತಿಳಿಯುವುದೂ ಇಲ್ಲ. ಇದರ ಬದಲು ನಿಮಗೆ ನಿಜವಾಗಿ ಏನು ತೊಂದರೆ ಎಂದು ಯೋಚಿಸಿ. ರಾತ್ರಿ ಗದ್ದಲವೋ, ಗೇಟ್ ತೆರೆದಿಟ್ಟು ಹೋಗುವುದೋ, ಸಂಪಿನ ನೀರು ಸಾಲದಷ್ಟು ಜನವೋ? ಅದನ್ನೇ ಬರೆಯಿರಿ.

ನಮ್ಮ ವಿಜಯನಗರದ ಮನೆಗೆ ಹೀಗೆ ಬರೆಯಬಹುದು:

‘ವಿಜಯನಗರ, ಮೆಟ್ರೋದಿಂದ 12 ನಿಮಿಷ ನಡಿಗೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಹಾಲ್ 11x15, ಬೆಡ್‌ರೂಮ್ 10x12 ಮತ್ತು 9x10 ಅಡಿ. ಚಿಕ್ಕ ರೂಮಿಗೆ 5 ಅಡಿ ಅಗಲದ ಮಂಚ ಹಿಡಿಸುತ್ತದೆ. ಅಡುಗೆಮನೆ ಪೂರ್ವಕ್ಕೆ, ಬೆಳಗ್ಗೆ ಲೈಟ್ ಹಾಕಬೇಕಿಲ್ಲ. ದೊಡ್ಡ ರೂಮ್ ಪಶ್ಚಿಮಕ್ಕೆ, ಬೇಸಿಗೆ ಮಧ್ಯಾಹ್ನ ಬಿಸಿ. ದಪ್ಪ ಪರದೆ, ಎ.ಸಿ. ಪಾಯಿಂಟ್ ಇದೆ. ಕಾವೇರಿ ನೀರು ದಿನ ಬಿಟ್ಟು ದಿನ, ಸಂಪು 6,000 ಲೀಟರ್, ಬೋರ್‌ವೆಲ್ ಇಲ್ಲ. ಟ್ಯಾಂಕರ್ ತರಿಸಿದರೆ ಎರಡು ಮನೆಗೆ ಸಮಪಾಲು. ಬೇರೆ ಮೀಟರ್. ಎರಡು ಬೈಕ್‌ಗೆ ಜಾಗ, ಕಾರ್‌ಗೆ ಇಲ್ಲ. ಬಾಡಿಗೆ 22,000, ನೀರು ಮತ್ತು ಮೆಟ್ಟಿಲು ಗುಡಿಸುವುದಕ್ಕೆ 700. ಅಡ್ವಾನ್ಸ್ 1.1 ಲಕ್ಷ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ. 11 ತಿಂಗಳ ಕರಾರು, ಬಿಡಲು ಎರಡು ತಿಂಗಳ ಮುಂಚೆ ತಿಳಿಸಬೇಕು. ನಾಲ್ಕು ಜನರವರೆಗೆ. ಓನರ್ ಕೆಳಗೇ ಇದ್ದೇವೆ. ರಾತ್ರಿ 11ಕ್ಕೆ ಗೇಟ್ ಬೀಗ, ಒಂದು ಕೀ ನಿಮ್ಮ ಹತ್ತಿರ ಇರುತ್ತದೆ. ಎಷ್ಟು ಜನ, ಯಾವ ದಿನದಿಂದ ಬೇಕು ಎಂದು ಮೆಸೇಜ್ ಮಾಡಿ. ಭಾನುವಾರ 10ರಿಂದ 1ರವರೆಗೆ ಮನೆ ನೋಡಬಹುದು.’

ಅಡುಗೆಮನೆಯ ಬೆಳಕಿನ ಸಾಲು ಗಮನಿಸಿ. ಒಳ್ಳೆಯದನ್ನು ಹೇಳುವಾಗಲೂ ಬಂದವರು ಕಣ್ಣಾರೆ ನೋಡಬಹುದಾದದ್ದನ್ನೇ ಬರೆಯಬೇಕು.

ಕೊನೆಯ ಎರಡು ಪ್ರಶ್ನೆಗಳೂ ಸುಮ್ನೆ ಹಾಕಿದವಲ್ಲ. ಪೂರ್ತಿ ಓದಿದವರು ‘ನಾವು ಮೂವರು, ಮುಂದಿನ 1ನೇ ತಾರೀಖಿಂದ’ ಎಂದು ಉತ್ತರ ಸೇರಿಸಿಯೇ ಕಳಿಸುತ್ತಾರೆ. ‘ಮನೆ ಇದೆಯಾ?’ ಎಂದಷ್ಟೇ ಕೇಳಿದವರಿಗೆ ಅದೇ ಎರಡು ಪ್ರಶ್ನೆ ವಾಪಸ್ ಕಳಿಸಿ. ಉತ್ತರ ಬಂದವರಿಗೆ ಮಾತ್ರ ಭಾನುವಾರದ ಸಮಯ ಕೊಡಿ. ಈ ಕೆಲಸ ಬ್ರೋಕರ್‌ಗೆ ಒಪ್ಪಿಸುವುದು ನನಗೆ ಇಷ್ಟವಿಲ್ಲ. ಮನೆ ಬೇಗ ಹೋಗಲಿ ಎಂದು ಅವರು ಬಿಸಿಲು, ಟ್ಯಾಂಕರ್ ಎರಡನ್ನೂ ಹೇಳದೆ ಬಿಡುವುದು ಜಾಸ್ತಿ. ಒಪ್ಪಿಸಲೇಬೇಕಾದರೆ ನೀವು ಬರೆದದ್ದನ್ನೇ ಒಂದಕ್ಷರ ಬಿಡದೆ ಹಾಕಲು ಹೇಳಿ, ಹಾಕಿದ ಮೇಲೆ ನೀವೇ ಒಮ್ಮೆ ತೆರೆದು ಓದಿ.