ನೂರಕ್ಕೆ ಎಂಬತ್ತಾರು ಅಂಕ ಪಡೆದ ಅಂಗಡಿ

ಕೋಲಾರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಅಪರೂಪಕ್ಕೆ ಯಾರಿಗಾದರೂ ಜಾಲತಾಣ ಕಟ್ಟಿಕೊಡುವುದು ನನ್ನ ಕೆಲಸ. ಮೊಬೈಲ್ ಹಿಡಿದು ಬಂದು ‘ಈ ಅಂಗಡಿಗೆ ದುಡ್ಡು ಹಾಕಬಹುದಾ’ ಎಂದು ಕೇಳುವವರು ವಾರಕ್ಕೆ ನಾಲ್ಕು ಜನರಾದರೂ ಇರುತ್ತಾರೆ. ಅವರಿಗೆಲ್ಲ ನನ್ನ ಬಳಿ ಒಂದು ಸುಲಭ ಉತ್ತರವಿತ್ತು. ಜಾಲತಾಣಗಳಿಗೆ ನೂರಕ್ಕೆ ಇಷ್ಟು ಎಂದು ನಂಬಿಕೆಯ ಅಂಕ ಕೊಡುವ ಒಂದು ತಾಣಕ್ಕೆ ವಿಳಾಸ ಹಾಕಿ, ಬಂದ ಸಂಖ್ಯೆಯನ್ನು ಓದಿ ಹೇಳುತ್ತಿದ್ದೆ. ಎಂಬತ್ತು ದಾಟಿದರೆ ಭಯವಿಲ್ಲ, ಐವತ್ತರ ಕೆಳಗಿದ್ದರೆ ಬೇಡ.

ಈ ಸೂತ್ರವನ್ನು ಕಲಿತುಕೊಂಡವರಲ್ಲಿ ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವ ನನ್ನ ದೊಡ್ಡಮ್ಮನ ಮಗನೂ ಒಬ್ಬ. 2024ರ ಆಗಸ್ಟ್ 25ರ ಭಾನುವಾರ ಅವನು ಕಳೆ ತೆಗೆಯುವ ಪವರ್ ವೀಡರ್‌ಗೆಂದು ಒಂದು ಜಾಲತಾಣಕ್ಕೆ 18,500 ರೂಪಾಯಿ ಕಟ್ಟಿದ. ಇಲ್ಲಿನ ಅಂಗಡಿಯವರು ಹೇಳಿದ್ದ ಬೆಲೆಯಲ್ಲಿ ಅದು ಅರ್ಧ. ಯಂತ್ರ ಬರಲಿಲ್ಲ, ಫೋನ್ ಎತ್ತುವವರೂ ಇರಲಿಲ್ಲ. ಹತ್ತು ದಿನ ಕಾದು ನನ್ನ ಅಂಗಡಿಗೆ ಬಂದ. “ಎಂಬತ್ತಾರು ತೋರಿಸಿತ್ತು ಕಣೋ. ಎಂಬತ್ತು ದಾಟಿದರೆ ಭಯವಿಲ್ಲವೆಂದು ನೀನೇ ಹೇಳಿದ್ದೆಯಲ್ಲ” ಎಂದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಿದೆವು. ಹತ್ತು ದಿನ ತಡವಾಗಿತ್ತು, ಹಣ ಆ ಖಾತೆಯಿಂದ ಎಂದೋ ಹೊರಟುಹೋಗಿತ್ತು.

ಅಂದು ರಾತ್ರಿ ಅಂಗಡಿಯ ಬಾಗಿಲು ಎಳೆದುಕೊಂಡು ಆ ಅಂಕಪಟ್ಟಿಯನ್ನು ಮತ್ತೆ ತೆರೆದೆ. ಅಷ್ಟು ದಿನವೂ ನಾನು ಮೇಲಿನ ದೊಡ್ಡ ಸಂಖ್ಯೆಯನ್ನಷ್ಟೇ ಓದುತ್ತಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣಗಳಿದ್ದವು: ತಾಣದ ವಿಳಾಸವಾದ ಡೊಮೇನ್ 13 ವರ್ಷ ಹಳೆಯದು, ಭದ್ರತಾ ಪ್ರಮಾಣಪತ್ರ ಸರಿಯಾಗಿದೆ, ಯಾವ ಕಪ್ಪುಪಟ್ಟಿಯಲ್ಲೂ ಹೆಸರಿಲ್ಲ, ಗ್ರಾಹಕರ ಅಭಿಪ್ರಾಯ ಚೆನ್ನಾಗಿದೆ. ನಾಲ್ಕರ ಪಕ್ಕದಲ್ಲೂ ಹಸಿರು ಗುರುತು. ಒಂದೊಂದನ್ನೇ ಕೆದಕುತ್ತಾ ಹೋದಾಗ ನನಗೆ ಸಿಟ್ಟು ಬಂದದ್ದು, ಮೊದಲ ಮೂರರಲ್ಲಿ ಒಂದೂ ಸುಳ್ಳಾಗಿರಲಿಲ್ಲ ಎಂಬುದಕ್ಕೆ.

ಪ್ರಮಾಣಪತ್ರದ ಮಾತು ಬೇಗ ಮುಗಿಯಿತು. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳು ಅದನ್ನು ಉಚಿತವಾಗಿ ಕೊಡುತ್ತವೆ. ನಾನೇ ಎಷ್ಟೋ ಸಲ ಐದು ನಿಮಿಷದಲ್ಲಿ ಹಾಕಿಕೊಟ್ಟಿದ್ದೇನೆ. ನಿಮ್ಮ ಮೊಬೈಲಿಗೂ ಆ ವಿಳಾಸಕ್ಕೂ ನಡುವೆ ಹೋಗುವುದನ್ನು ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಆ ವಿಳಾಸದಲ್ಲಿ ಕುಳಿತವನು ಕಳ್ಳನಾದರೆ, ನಿಮ್ಮ ದುಡ್ಡು ಕಳ್ಳನಿಗೇ ಸುರಕ್ಷಿತವಾಗಿ ತಲುಪುತ್ತದೆ. ಕಪ್ಪುಪಟ್ಟಿಗೆ ಹೆಸರು ಸೇರಬೇಕಾದರೆ ಮೊದಲು ಯಾರಾದರೂ ಮೋಸಹೋಗಿ ದೂರಬೇಕು. ಆ ಮೊದಲಿಗರಲ್ಲಿ ನಮ್ಮಣ್ಣನೂ ಒಬ್ಬನಾಗಿದ್ದ.

ನನ್ನನ್ನು ಕಾಡಿದ್ದು ಹದಿಮೂರು ವರ್ಷದ ಲೆಕ್ಕ. ಮೋಸದ ಅಂಗಡಿ ಅಷ್ಟು ಕಾಲ ಬಾಳುವುದುಂಟೇ? ಡೊಮೇನಿನ ನೋಂದಣಿ ವಿವರ ತೋರಿಸುವ `whois` ಆಜ್ಞೆ ಕೊಟ್ಟು ನೋಡಿದೆ.

```
Creation Date: 2011-06-21
Updated Date: 2024-07-30
```

2011 ಎಂಬುದು ನಿಜವೇ. ಆದರೆ ಹಳೆಯ ಪುಟಗಳನ್ನು ಕಾಪಿಡುವ `web.archive.org`ಗೆ ಅದೇ ವಿಳಾಸ ಹಾಕಿದಾಗ, ವರ್ಷಗಟ್ಟಲೆ ಅಲ್ಲಿ ಇದ್ದದ್ದು ಯಾವುದೋ ದೇಶದ ಯೋಗ ಶಾಲೆಯೊಂದರ ಪುಟ. ಬೆಳಗಿನ ತರಗತಿಯ ಸಮಯ, ಚಾಪೆ ತರಬೇಕೆಂಬ ಸೂಚನೆ, ಒಬ್ಬ ಹೆಂಗಸಿನ ನಗುಮುಖ. 2024ರ ಆರಂಭದವರೆಗೂ ಅದೇ ಇತ್ತು. ಆಗಸ್ಟ್‌ನ ಪ್ರತಿಯನ್ನು ತೆರೆದರೆ ಪವರ್ ವೀಡರ್. ಯಾವ ವಿಳಾಸಕ್ಕೆ ಯಾವ ದಿನ ಪ್ರಮಾಣಪತ್ರ ಸಿಕ್ಕಿತೆಂದು ದಾಖಲಿಸುವ `crt.sh`ನಲ್ಲೂ ಆಗಸ್ಟ್ 1ರಿಂದ ಹೊಸ ಸಾಲು ಶುರುವಾಗಿತ್ತು. ಅಣ್ಣ ದುಡ್ಡು ಕಟ್ಟಿದ ದಿನ ಆ ಅಂಗಡಿಗೆ ಹೆಚ್ಚೆಂದರೆ ಇಪ್ಪತ್ತೈದು ದಿನ ವಯಸ್ಸು.

ಇದು ಹೇಗಾಗುತ್ತದೆಂದರೆ, ಡೊಮೇನಿನ ಒಡೆಯರು ಗಡುವಿನೊಳಗೆ ಹಣ ಕಟ್ಟಿ ನವೀಕರಿಸದೆ ಹೋದರೆ, ಅದನ್ನು ಮಾರಿದ ಸಂಸ್ಥೆ ಕೆಲವು ವಾರ ಕಾಯ್ದು ಹರಾಜಿಗೆ ಇಡುತ್ತದೆ. ಹೆಸರು ಪೂರ್ತಿ ಅಳಿಸಿಹೋದ ಮೇಲೆ ಕೊಂಡರೆ ಹೊಸ ಹುಟ್ಟುದಿನ ಬೀಳುತ್ತದೆ. ಅಳಿಯುವ ಮೊದಲೇ ಹರಾಜಿನಲ್ಲಿ ಹಿಡಿದರೆ ಹಳೆಯ ದಿನವೇ ಉಳಿಯುತ್ತದೆ. ದಿನವೂ ಪಹಣಿ ತೆಗೆಯುವ ನನಗೆ ಇದು ತಟ್ಟನೆ ಹೊಳೆಯಬೇಕಿತ್ತು: ಜಮೀನು ಕೈ ಬದಲಾದರೂ ಸರ್ವೆ ನಂಬರು ಹಳೆಯದೇ. ಅಂಕ ಕೊಡುವ ಯಂತ್ರ ಸರ್ವೆ ನಂಬರನ್ನು ನೋಡಿತ್ತು, ಖಾತೆ ಯಾರ ಹೆಸರಿಗಿದೆ ಎಂದು ನೋಡಿರಲಿಲ್ಲ. ಹಾಗೆಂದು ಎರಡನೆಯ ಸಾಲಿನ ತಾರೀಖನ್ನೇ ನೆಚ್ಚಿಕೊಳ್ಳುವಂತಿಲ್ಲ. ಪ್ರಾಮಾಣಿಕ ಒಡೆಯ ಹಣ ಕಟ್ಟಿ ನವೀಕರಿಸಿದಾಗಲೂ ಅದು ಬದಲಾಗುತ್ತದೆ. ಹಳೆಯ ಪುಟದಲ್ಲಿ ಬೇರೆಯದೇ ಕಸುಬು ಕಂಡಾಗ ಮಾತ್ರ ಅದಕ್ಕೆ ತೂಕ ಬರುತ್ತದೆ.

ಅಭಿಪ್ರಾಯಗಳ ಕಥೆ ಇನ್ನೂ ಸಣ್ಣದು. ಇಪ್ಪತ್ತೆರಡಕ್ಕೂ ಐದೈದು ನಕ್ಷತ್ರ, ಎಲ್ಲವೂ ಆಗಸ್ಟ್ 6ರಿಂದ 8ರೊಳಗೆ ಬರೆದವು. ಯಾವ ಯಂತ್ರ ಕೊಂಡೆ, ಎಷ್ಟು ದಿನಕ್ಕೆ ಬಂತು ಎಂದು ಒಬ್ಬನೂ ಹೇಳಿರಲಿಲ್ಲ.

ಅಸಲು ಸುಳಿವುಗಳು ಇದ್ದದ್ದು ಅಂಕ ಕೊಡುವ ಯಂತ್ರ ತೂಗಿ ನೋಡದ ಜಾಗದಲ್ಲಿ. ಪುಟದ ತಳದಲ್ಲಿ ಕೊಯಮತ್ತೂರಿನ ವಿಳಾಸವಿತ್ತು, ಅದರ ಕೆಳಗೆ 24ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆ. ಮೊದಲ ಎರಡು ಅಂಕಿ ರಾಜ್ಯದ ಸಂಕೇತ. ನಮ್ಮದು 29, ತಮಿಳುನಾಡಿನದು 33, 24 ಎಂದರೆ ಗುಜರಾತ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿದರೆ ಅದು ಬೇರೆ ಯಾವುದೋ ವ್ಯಾಪಾರದ ಹೆಸರಿನಲ್ಲಿತ್ತು. ಹಣ ಕಟ್ಟುವ ಹಂತದಲ್ಲಿ ಯುಪಿಐ ತೋರಿಸಿದ್ದು ಅಂಗಡಿಯ ಹೆಸರನ್ನಲ್ಲ, ಒಬ್ಬ ವ್ಯಕ್ತಿಯ ಹೆಸರನ್ನು. ಅಂಕ ಕೊಡುವ ಯಂತ್ರ ಬುಟ್ಟಿಗೆ ಸಾಮಾನು ಹಾಕಿ ದುಡ್ಡು ಕೊಡುವ ಬಾಗಿಲವರೆಗೆ ಬರುವುದೇ ಇಲ್ಲ.

ಮುಂದಿನ ವರ್ಷ ಇದರ ತಿರುವುಮುರುವು ಕಂಡೆ. 2025ರ ಏಪ್ರಿಲ್‌ನಲ್ಲಿ ಶ್ರೀನಿವಾಸಪುರದ ಮಾವು ಬೆಳೆಗಾರರೊಬ್ಬರಿಗೆ ನಾನೇ ತಾಣ ಕಟ್ಟಿಕೊಟ್ಟೆ. ಅದಕ್ಕೆ ಬಂದ ಅಂಕ 31. ಡೊಮೇನ್ ಹೊಸದು, ಒಡೆಯರ ಹೆಸರು ಮರೆಮಾಡಲಾಗಿದೆ, ಅದೇ ಸರ್ವರ್‌ನಲ್ಲಿ ಸಂಶಯದ ತಾಣಗಳಿವೆ ಎಂಬ ಕಾರಣಗಳು. ಇವೂ ನಿಜವೇ. ಆದರೆ 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದಾಗಿನಿಂದ ಒಡೆಯರ ವಿವರ ಮುಚ್ಚಿಡುವುದೇ ರೂಢಿಯಾಗಿದೆ. ಕಡಿಮೆ ಬಾಡಿಗೆಯ ಸರ್ವರ್‌ನಲ್ಲಿ ನೆರೆಯವರು ಯಾರಿರಬೇಕೆಂದು ನಾವು ಆರಿಸಲಾಗುವುದಿಲ್ಲ. ಬೆಳೆಗಾರರು, “ಏನಪ್ಪಾ, ನಮ್ಮ ತೋಟಕ್ಕೆ ಫೇಲ್ ಮಾರ್ಕ್ಸ್ ಬಂದಿದೆಯಂತಲ್ಲ. ಬೆಂಗಳೂರಿನವರು ಫೋನ್ ಮಾಡಿ ಕೇಳುತ್ತಿದ್ದಾರೆ” ಎಂದು ಬೇಸರಪಟ್ಟರು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಡೊಮೇನನ್ನು ಒಂದರ ಬದಲು ಮೂರು ವರ್ಷಕ್ಕೆ ನೋಂದಾಯಿಸಿದೆ, ನಾಲ್ವರು ಸ್ನೇಹಿತರಿಂದ ಒಳ್ಳೆಯ ಅಭಿಪ್ರಾಯ ಬರೆಸಿದೆ. ಆ ನಾಲ್ವರಲ್ಲಿ ಇಬ್ಬರು ಆ ತೋಟದ ಹಣ್ಣನ್ನು ತಿಂದೂ ಇರಲಿಲ್ಲ. ಒಂದು ವಾರದಲ್ಲಿ 31 ಇದ್ದದ್ದು 54 ಆಯಿತು. ನಾಚಿಕೆಯಾಗಿ ಆ ಅಭಿಪ್ರಾಯಗಳನ್ನು ತೆಗೆಸಿದೆ. ಬದಲಿಗೆ ಬೆಳೆಗಾರರ ಫೋನ್ ನಂಬರನ್ನು ಪುಟದ ನೆತ್ತಿಯ ಮೇಲೆ ಹಾಕಿ, ಹಣ್ಣು ಕೈಗೆ ಬಂದ ಮೇಲೆ ಹಣ ಕೊಡಿ ಎಂದು ಬರೆದೆವು.

ಈಗ ಯಾರಾದರೂ ಕೇಳಿದರೆ ಅಂಕವನ್ನು ನೋಡುತ್ತೇನೆ, ಆದರೆ ಕೆಳಗಿನ ಕಾರಣಗಳಿಂದ ಓದಲು ಶುರುಮಾಡುತ್ತೇನೆ. ‘ಮೋಸದ ದೂರುಗಳಿವೆ’ ಎಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಉಳಿದಂತೆ ಹಳೆಯ ಪುಟಗಳನ್ನು ಮತ್ತು ಜಿಎಸ್‌ಟಿ ಸಂಖ್ಯೆಯನ್ನು ನೋಡಿ, ಹಣ ಯಾರ ಹೆಸರಿಗೆ ಹೋಗುತ್ತದೆಂದು ತಿಳಿಯುವವರೆಗೆ ಒಂದೊಂದೇ ಹೆಜ್ಜೆ ಇಡುತ್ತೇನೆ. ಹತ್ತು ನಿಮಿಷ ಬೇಕು. ಹಳೆಯ ಅಸಲಿ ಅಂಗಡಿಯ ತಾಣಕ್ಕೇ ಯಾರಾದರೂ ಕನ್ನ ಹಾಕಿ ಒಳಗೆ ಕುಳಿತಿದ್ದರೆ ಹಳೆಯ ಪುಟವೂ ಸಂಖ್ಯೆಯೂ ಸರಿಯಾಗಿಯೇ ಕಾಣುತ್ತವೆ. ಆಗ ಉಳಿಯುವುದು ಹಣ ಪಡೆಯುವವರ ಹೆಸರೊಂದೇ.

ಮಾವಿನ ಅಂಕದ ಗಲಾಟೆಯ ನಡುವೆ ಒಂದು ದಿನ ಆ ಪವರ್ ವೀಡರ್ ಅಂಗಡಿಯ ವಿಳಾಸವನ್ನೂ ಹಾಕಿ ನೋಡಿದೆ. ತಾಣ ತೆರೆದುಕೊಳ್ಳುವುದು ನಿಂತು ಎಷ್ಟೋ ತಿಂಗಳಾಗಿತ್ತು. ಅಂಕ 12ಕ್ಕೆ ಇಳಿದಿತ್ತು. ಡೊಮೇನ್ 13 ವರ್ಷ ಹಳೆಯದು ಎಂಬುದರ ಪಕ್ಕದ ಹಸಿರು ಗುರುತು ಮಾತ್ರ ಹಾಗೆಯೇ ಇತ್ತು.