ಅರವತ್ತು ಸಾವಿರ ಚಿತ್ರಗಳಿಗೆ ಒಂದು ಹೆಜ್ಜೆ, ಅರವತ್ನಾಲ್ಕಕ್ಕೆ ಒಂದು ಹೆಜ್ಜೆ

ಕೈಬರಹದ ಕನ್ನಡ ಅಂಕಿಗಳನ್ನು ಗುರುತಿಸುವ ಸಣ್ಣ ನ್ಯೂರಲ್ ನೆಟ್‌ವರ್ಕ್ ಒಂದನ್ನು ತರಬೇತಿಗೊಳಿಸಲು ನಾನು Kannada-MNIST ದತ್ತಾಂಶವನ್ನು ಆರಿಸಿಕೊಂಡೆ. ತರಬೇತಿಗೆಂದು ಅದರಲ್ಲಿ 28×28 ಅಳತೆಯ 60,000 ಚಿತ್ರಗಳಿವೆ. ಎಲ್ಲ ಚಿತ್ರಗಳನ್ನೂ ನೋಡಿ ನೆಟ್‌ವರ್ಕಿನ ತಪ್ಪನ್ನು ಅಳೆಯುವ ನಷ್ಟದ ಗ್ರೇಡಿಯೆಂಟನ್ನು ನಿಖರವಾಗಿ ಲೆಕ್ಕ ಹಾಕಿದ ಮೇಲೆಯೇ ತೂಕಗಳನ್ನು ಬದಲಿಸುವುದು ಸರಿಯಾದ ಕ್ರಮವೆಂದು ಭಾವಿಸಿ, ಫುಲ್ ಬ್ಯಾಚ್ ವಿಧಾನದಿಂದಲೇ ಆರಂಭಿಸಿದೆ.

ಆರಂಭದ ನಷ್ಟ 2.3ರ ಆಸುಪಾಸಿನಲ್ಲಿತ್ತು. ಹತ್ತು ಅಂಕಿಗಳಿಗೂ ಸಮಾನ ಸಂಭವನೀಯತೆ ಕೊಡುವ, ಅಂದರೆ ಏನನ್ನೂ ಅರಿಯದ ನೆಟ್‌ವರ್ಕಿನ ನಷ್ಟ 10ರ ಸ್ವಾಭಾವಿಕ ಲಾಗರಿದಮ್ ಆಗಿರುವುದರಿಂದ ಅದು ನಿರೀಕ್ಷಿತವೇ. ಎಲ್ಲ ಚಿತ್ರಗಳನ್ನೂ ಒಂದೊಂದು ಸಲ ನೋಡಿ ಮುಗಿಸುವ ಇಪ್ಪತ್ತು ಸುತ್ತುಗಳ ನಂತರ ನಷ್ಟದ ಗೆರೆ ಒಂದಿಷ್ಟೂ ಅಲುಗದೆ, ಬಹಳ ನಯವಾಗಿ ಇಳಿದಿತ್ತು. ಆದರೆ ೩ ಮತ್ತು ೭ನ್ನು ನೆಟ್‌ವರ್ಕ್ ಇನ್ನೂ ಬೇರ್ಪಡಿಸುತ್ತಿರಲಿಲ್ಲ. ಇಪ್ಪತ್ತು ಸುತ್ತುಗಳಲ್ಲಿ ತೂಕಗಳು ಬದಲಾದದ್ದು ಕೇವಲ ಇಪ್ಪತ್ತು ಸಲ ಎಂಬುದು ಆಗ ಹೊಳೆಯಿತು. 64 ಚಿತ್ರಗಳ ಮಿನಿ-ಬ್ಯಾಚ್ ಬಳಸಿದರೆ ಒಂದೇ ಸುತ್ತಿನಲ್ಲಿ 938 ಹೆಜ್ಜೆಗಳು ಸಿಗುತ್ತವೆ, ಇಪ್ಪತ್ತು ಸುತ್ತುಗಳಲ್ಲಿ 18,760.

ಹೆಜ್ಜೆ ಅಗ್ಗವಾದರೂ ಅದರ ದಿಕ್ಕು ನಂಬಿಕೆಗೆ ಅರ್ಹವೇ ಎಂಬ ಸಂದೇಹ ಉಳಿದಿತ್ತು. ಅದನ್ನು ಪರೀಕ್ಷಿಸಲು ತರಬೇತಿಯನ್ನು ನಡುವೆ ನಿಲ್ಲಿಸಿ, ತೂಕಗಳನ್ನು ಹಾಗೆಯೇ ಇರಿಸಿ, ಪೂರ್ಣ ಗ್ರೇಡಿಯೆಂಟನ್ನೂ ಹಲವು ಮಿನಿ-ಬ್ಯಾಚ್‌ಗಳ ಗ್ರೇಡಿಯೆಂಟ್‌ಗಳನ್ನೂ ಲೆಕ್ಕ ಹಾಕಿ, ಅವುಗಳ ನಡುವಿನ ಕೋನವನ್ನು ಅಳೆದೆ. ತರಬೇತಿಯ ಆರಂಭದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಕಡೆಗೆ ಬೆರಳು ತೋರುತ್ತಿದ್ದವು. ಏಕೆಂದರೆ ಆಗ ನೆಟ್‌ವರ್ಕಿನ ತಪ್ಪು ಎಷ್ಟು ದೊಡ್ಡದೆಂದರೆ ಯಾವ 64 ಚಿತ್ರಗಳನ್ನು ಕೇಳಿದರೂ ದೂರು ಒಂದೇ. ಕೊನೆಯ ಸುತ್ತುಗಳಲ್ಲಿ ಪೂರ್ಣ ಗ್ರೇಡಿಯೆಂಟ್ ತೀರಾ ಚಿಕ್ಕದಾಗಿ, ಬ್ಯಾಚ್‌ಗಳು ತಮ್ಮತಮ್ಮಲ್ಲೇ ಒಪ್ಪದೆ ದಿಕ್ಕಾಪಾಲಾಗಿದ್ದವು. ಬ್ಯಾಚನ್ನು ದೊಡ್ಡದು ಮಾಡುವುದು ಇದಕ್ಕೆ ದುಬಾರಿ ಪರಿಹಾರ: ಬ್ಯಾಚಿನ ಗ್ರೇಡಿಯೆಂಟಿನ ದೋಷವು ಚಿತ್ರಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ತಗ್ಗುವುದರಿಂದ, 64ರ ಬದಲು 6,400 ಚಿತ್ರ ತೆಗೆದುಕೊಂಡರೆ ಲೆಕ್ಕದ ಕೆಲಸ ನೂರು ಪಟ್ಟು ಹೆಚ್ಚುತ್ತದೆ, ದೋಷ ಇಳಿಯುವುದು ಹತ್ತು ಪಟ್ಟು ಮಾತ್ರ.

ಈ ಲೆಕ್ಕಕ್ಕೆಲ್ಲ ಒಂದು ಷರತ್ತಿದೆ: ಬ್ಯಾಚ್‌ಗೆ ಚಿತ್ರಗಳನ್ನು ಯಾದೃಚ್ಛಿಕವಾಗಿ ಆರಿಸಿರಬೇಕು. ಒಮ್ಮೆ ನಾನು ಚಿತ್ರಗಳನ್ನು ಅಂಕಿವಾರು ಜೋಡಿಸಿಟ್ಟು, ಕಲಸುವುದನ್ನು ಮರೆತೆ. ಒಂದು ಅಂಕಿಯ ಬ್ಯಾಚ್‌ಗಳು ನಡೆಯುತ್ತಿದ್ದಷ್ಟು ಹೊತ್ತು ನಷ್ಟ ಸೊನ್ನೆಯತ್ತ ಕುಸಿದು, ಮುಂದಿನ ಅಂಕಿ ಬಂದೊಡನೆ ನೆಟ್ಟಗೆ ಮೇಲೇರುತ್ತಿತ್ತು. ನಷ್ಟದ ಗೆರೆ ಗರಗಸದ ಹಲ್ಲಿನಂತೆ ಕಂಡರೆ ನಾನೀಗ ಮೊದಲು ನೋಡುವುದು `shuffle`.

ನಂತರ ಮೊಮೆಂಟಮ್ ಸೇರಿಸಿದೆ. ಹಿಂದಿನ ಹೆಜ್ಜೆಗಳ ಒಟ್ಟು ವೇಗದ ಶೇಕಡಾ 90ನ್ನು ಉಳಿಸಿಕೊಂಡು, ಅದಕ್ಕೆ ಹೊಸ ಗ್ರೇಡಿಯೆಂಟನ್ನು ಕೂಡಿಸುವ ಈ ಕ್ರಮದಲ್ಲಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುವ ತಳ್ಳುಗಳು ಪರಸ್ಪರ ಕಳೆದುಹೋಗಿ, ಪದೇಪದೇ ಒಂದೇ ಕಡೆಗೆ ಬರುವ ತಳ್ಳು ಮಾತ್ರ ಬೆಳೆಯುತ್ತದೆ. ಆದರೆ ಹೆಜ್ಜೆಯ ಉದ್ದವನ್ನು ನಿರ್ಧರಿಸುವ ಲರ್ನಿಂಗ್ ರೇಟನ್ನು 0.1ರಲ್ಲೇ ಬಿಟ್ಟಿದ್ದರಿಂದ, ಕೆಲವೇ ಹೆಜ್ಜೆಗಳಲ್ಲಿ ನಷ್ಟದ ಜಾಗದಲ್ಲಿ ‘ಇದು ಸಂಖ್ಯೆಯೇ ಅಲ್ಲ’ ಎನ್ನುವ `nan` ಕಾಣಿಸಿತು. 1 + 0.9 + 0.81 ಎಂದು ಕೂಡುತ್ತ ಹೋದರೆ ಮೊತ್ತ 10 ಆಗುತ್ತದೆ. ಅಂದರೆ ಅರಿವಿಲ್ಲದೆಯೇ ನಾನು ಹೆಜ್ಜೆಯನ್ನು ಹತ್ತು ಪಟ್ಟು ಉದ್ದ ಮಾಡಿದ್ದೆ. ರೇಟನ್ನು ಹತ್ತನೇ ಒಂದಕ್ಕೆ ಇಳಿಸಿದಾಗ ಸರಿಹೋಯಿತು:

```python
loader = DataLoader(train, batch_size=64, shuffle=True)
opt = torch.optim.SGD(net.parameters(), lr=0.01, momentum=0.9)
```

ಮಿನಿ-ಬ್ಯಾಚ್‌ಗಳಿಂದ ದಿಕ್ಕಿನಲ್ಲಿ ಉಂಟಾಗುವ ಅಲುಗಾಟವೇ ಉಪಕಾರಿ ಎಂದು ಕೆಲವರು ಹೇಳುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನನ್ನ ಪ್ರಯೋಗದಲ್ಲಿ ಬಹುಪಾಲು ಲಾಭ ಬಂದದ್ದು ಹೆಜ್ಜೆಗಳ ಸಂಖ್ಯೆಯಿಂದ. ಆದರೂ ಪೂರ್ಣ ಗ್ರೇಡಿಯೆಂಟ್ ಸೊನ್ನೆಯ ಹತ್ತಿರವಿರುವ ಸಪಾಟಾದ, ಕುದುರೆಯ ಜೀನಿನಂಥ ಜಾಗಗಳಲ್ಲಿ ಫುಲ್ ಬ್ಯಾಚ್ ಬಹಳ ಹೊತ್ತು ತೆವಳಬಹುದು. ಅಲ್ಲಿ ಬ್ಯಾಚ್‌ಗಳ ಭಿನ್ನಾಭಿಪ್ರಾಯವೇ ತೂಕಗಳನ್ನು ಪಕ್ಕಕ್ಕೆ ದೂಡಿ, ಇಳಿಜಾರಿರುವ ಕಡೆಗೆ ತಲುಪಿಸುತ್ತದೆ. ಇದಕ್ಕೂ ಮಿತಿಯುಂಟು. ಎಲ್ಲ ತೂಕಗಳನ್ನೂ ಸೊನ್ನೆಯಿಂದ ಆರಂಭಿಸಿದರೆ, ಒಂದೇ ಒಳಪದರದ ಘಟಕಗಳಿಗೆಲ್ಲ ಪ್ರತಿ ಬ್ಯಾಚ್‌ನಲ್ಲೂ ಒಂದೇ ಗ್ರೇಡಿಯೆಂಟ್ ಬರುವುದರಿಂದ, ಎಷ್ಟು ಅಲುಗಾಡಿಸಿದರೂ ಅವು ಒಂದನ್ನೊಂದು ಬಿಟ್ಟು ಬೇರೆಯಾಗುವುದಿಲ್ಲ.

ಕೊನೆಯಲ್ಲಿ ಅದೇ ಅಲುಗಾಟ ಅಡ್ಡಿಯಾಗುತ್ತದೆ. ಒಟ್ಟಾರೆ ಗ್ರೇಡಿಯೆಂಟ್ ಸೊನ್ನೆಯಾದ ಜಾಗದಲ್ಲೂ ಒಂದೊಂದು ಬ್ಯಾಚಿನದು ಸೊನ್ನೆಯಲ್ಲವಾದ್ದರಿಂದ, ರೇಟ್ ಸ್ಥಿರವಾಗಿದ್ದರೆ ತೂಕಗಳು ತಳವನ್ನು ಮುಟ್ಟದೆ ಅದರ ಸುತ್ತ ಸುಳಿಯುತ್ತಿರುತ್ತವೆ. ರೇಟನ್ನು 0.001ಕ್ಕೆ ಇಳಿಸಿದ ಸುತ್ತಿನಲ್ಲೇ ನಷ್ಟ ಥಟ್ಟನೆ ಕುಸಿಯಿತು. ಆ ಕುಸಿತ ಚೆನ್ನಾಗಿ ಕಂಡದ್ದರಿಂದ ಮುಂದಿನ ಪ್ರಯೋಗದಲ್ಲಿ ಎರಡನೇ ಸುತ್ತಿಗೇ ಇಳಿಸಿ ನೋಡಿದೆ: ಆಗಲೂ ನಷ್ಟ ಕೂಡಲೇ ಕುಸಿಯಿತು, ಆದರೆ ಅಲ್ಲಿಂದ ಮುಂದೆ ಹೆಜ್ಜೆಗಳು ತೀರಾ ಗಿಡ್ಡವಾಗಿ, ತಡವಾಗಿ ಇಳಿಸಿದ ಪ್ರಯೋಗವನ್ನು ಅದು ಇಪ್ಪತ್ತು ಸುತ್ತುಗಳಲ್ಲಿ ಹಿಡಿಯಲಾಗಲಿಲ್ಲ. ಈಗ ನಾನು ಪರೀಕ್ಷಾ ನಷ್ಟವು ಮೂರು ನಾಲ್ಕು ಸುತ್ತು ಇಳಿಯದೆ ನಿಂತದ್ದನ್ನು ಕಂಡ ಮೇಲೆಯೇ ರೇಟಿಗೆ ಕೈ ಹಾಕುತ್ತೇನೆ.