ಕೂಸು ಮನೆಗೆ ಬಂದಾಗ ಸ್ಟೇಟಸ್‌ಗೆ ಬರೆದ ಐದು ಸಾಲು

ನಮ್ಮ ಮಗಳು ಹುಟ್ಟಿದ್ದು 30 ವಾರಕ್ಕೆ, ತೂಕ 1,240 ಗ್ರಾಂ. ಕೊಪ್ಪಳದ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 38 ದಿನ ಇದ್ದು, 1,810 ಗ್ರಾಂ ಆದಮೇಲೆ ಯಲಬುರ್ಗಾ ಕಡೆಯ ನಮ್ಮೂರಿಗೆ ಬಂದಳು. ಬಂದ ದಿನ ಸಂಜೆ ನಮ್ಮವರು ಫೋಟೋ ತೆಗೆದು, "ಏನರ ನಾಕು ಸಾಲು ಬರಿ, ಸ್ಟೇಟಸ್ ಹಾಕೋಣು. ಸಿಸ್ಟರ್‌ಗೊಳಿಗೆ ಥ್ಯಾಂಕ್ಸ್ ಹೇಳಬೇಕು" ಅಂದರು. ಆ ನಾಲ್ಕು ಸಾಲಿಗೆ ನನಗೆ ಎರಡು ದಿನ ಹಿಡಿಯಿತು.

ಮೊದಲು ಬರೆದದ್ದು ಹೀಗಿತ್ತು: "ದೇವರ ರೂಪದಲ್ಲಿ ಬಂದ ಎಲ್ಲ ನರ್ಸ್‌ಗಳಿಗೆ ಕೋಟಿ ನಮನ, ನಿಮ್ಮ ಋಣ ಎಂದೂ ತೀರದು." ಓದಿದರೆ ಚೆನ್ನಾಗಿಯೇ ಇತ್ತು. ಆದರೆ ಅದನ್ನೇ ತೆಗೆದು ನಿವೃತ್ತಿಯಾದ ಮೇಷ್ಟ್ರ ಫೋಟೋದ ಕೆಳಗೆ ಅಂಟಿಸಿದರೂ ನಡೆಯುತ್ತಿತ್ತು. ನಮ್ಮ ಕೂಸಿಗೆ ಅವರು ಮಾಡಿದ ಒಂದು ಕೆಲಸವೂ ಅದರಲ್ಲಿ ಇರಲಿಲ್ಲ.

ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ದಿನದ ತೂಕ, ಎಷ್ಟು ಹಾಲು ಹೋಯಿತು ಅಂತ ಬರೆದಿಟ್ಟುಕೊಳ್ಳಲು ತಂದದ್ದು. ಅದನ್ನು ಮೊದಲಿನಿಂದ ತಿರುವಿ ಹಾಕಿದೆ.

ಎರಡನೆಯ ದಿನದ ಪುಟದಲ್ಲಿ "3 ಎಂಎಲ್" ಅಂತ ಮಾತ್ರ ಇದೆ. ಅರ್ಧ ತಾಸು ಕೂತು ಹಿಂಡಿದರೂ ಬಟ್ಟಲ ತಳ ಮುಚ್ಚುವಷ್ಟು ಹಾಲು ಬಂದಿರಲಿಲ್ಲ. ನಾಚಿಕೆಯಾಗಿ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಿದ್ದೆ. ಸಿಸ್ಟರ್ ಅದನ್ನು ಸಿರಿಂಜಿನಲ್ಲಿ ಎಳೆದುಕೊಂಡು, ಬಟ್ಟಲನ್ನು ಓರೆ ಮಾಡಿ ಕೊನೆಯ ಹನಿಯನ್ನೂ ತೆಗೆದುಕೊಂಡರು. "ಇಕಿಗೆ ಈಗ ಒಂದ್ಸಲಕ್ಕ 2 ಎಂಎಲ್ ಸಾಕ್ರಿ ಅಕ್ಕಾರ. ನೀವು ಹೆಚ್ಚಿಗೀನ ತಂದೀರಿ" ಅಂದರು. ಅಷ್ಟು ಬೇಗ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದು ಕೂಡಿಬರುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಬಾಯಿಂದ ಹೊಟ್ಟೆಗೆ ಇಳಿಸಿದ ತೆಳ್ಳನೆ ನಳಿಗೆಯೇ ಗತಿ. ನಳಿಗೆಯ ಗುರುತು ಸರಿದಿದೆಯೇ, ಹೊಟ್ಟೆ ಉಬ್ಬಿದೆಯೇ ಅಂತ ಮೊದಲು ನೋಡುತ್ತಿದ್ದರು. ಆಮೇಲೆ ಸಿರಿಂಜಿನ ಹಿಂದಿನ ದಂಡ ತೆಗೆದು, ಬರೀ ಕೊಳವೆಯನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದರು. ಹಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು, ದೂಡಬಾರದು. ಎರಡು ತಾಸಿಗೊಮ್ಮೆ, ಹಗಲೂ ರಾತ್ರಿ, ಕೈ ಮೇಲೆತ್ತಿ ನಿಂತ ಆ ಹೆಣ್ಣುಮಗಳಿಗೆ "ಕೋಟಿ ನಮನ" ಅಂದರೆ ಏನು ಹೇಳಿದಂತಾಯಿತು?

ಹನ್ನೊಂದನೆಯ ದಿನದ ಪುಟದಲ್ಲಿ ಅಕ್ಷರ ಸೊಟ್ಟಪಟ್ಟ. ಆ ರಾತ್ರಿ ಹಾಲು ಕೊಡಲು ಹೋದಾಗ ಮಾನಿಟರ್ ಕೂಗಿತು, ಕೂಸಿನ ತುಟಿ ನೀಲಿಗೆ ತಿರುಗಿತು. ಉಸಿರಾಟ ನಡೆಸುವ ಮಿದುಳಿನ ಭಾಗ ಬಲಿತಿರದ ಕಾರಣ ಇಂಥ ಮಕ್ಕಳು ನಡುವೆ ಉಸಿರು ನಿಲ್ಲಿಸಿಬಿಡುತ್ತವೆ. ಅದಕ್ಕೇ ಕೆಫೀನ್ ಔಷಧಿಯೂ ನಡೆದಿತ್ತು. ನಾನು ಚೀರುವಷ್ಟರಲ್ಲಿ ಸಿಸ್ಟರ್ ಬಂದು, ತಲೆ ನೆಟ್ಟಗೆ ಮಾಡಿ, ಅಂಗಾಲಿಗೆ ಬೆರಳಿನಿಂದ ಎರಡು ಸಲ ತಟ್ಟಿದರು. ಕೂಸು ಬೆಚ್ಚಿ ಉಸಿರೆಳೆದುಕೊಂಡಿತು. ಅವರು ಹೊತ್ತು ಬರೆದುಕೊಂಡು, ಡಾಕ್ಟರಿಗೆ ಹೇಳಿ, ಪಕ್ಕದ ಹಾಸಿಗೆಗೆ ಹೋದರು. ನನ್ನ ಕೈ ಮಾತ್ರ ಬೆಳಗಿನವರೆಗೂ ನಡುಗುತ್ತಿತ್ತು.

ಸಾಲುಗಳು ಸಿಕ್ಕಿದ್ದು ಹೀಗೆ. ಆಮೇಲೆ ನಾನು ಇನ್ನೊಂದು ತುದಿಗೆ ಹೋದೆ: ತೂಕ, ಕಾಮಾಲೆಯ ಬೆಳಕು, ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ ಎಲ್ಲ ತುಂಬಿಸಿ ಉದ್ದಕ್ಕೆ ಬರೆದೆ. ನಮ್ಮವರು ಓದಿ, "ಇದು ಡಿಸ್ಚಾರ್ಜ್ ಕಾಗದ ಆತಲ್ಲ" ಅಂದರು. ಆಕೆ ದೊಡ್ಡವಳಾದ ಮೇಲೆ ತನ್ನ ರೋಗದ ಪಟ್ಟಿಯನ್ನು ಊರವರ ಬಾಯಲ್ಲಿ ಕೇಳಬೇಕೇ ಅಂತಲೂ ಅನ್ನಿಸಿತು. ಎಲ್ಲ ತೆಗೆದೆ. ಫೋಟೋ ಹಿಗ್ಗಿಸಿ ನೋಡಿದರೆ ಕಾಲಿನ ಪಟ್ಟಿಯಲ್ಲಿ ನನ್ನ ಹೆಸರು, ಆಸ್ಪತ್ರೆಯ ನಂಬರು ಓದುವಂತೆ ಕಾಣುತ್ತಿತ್ತು. ಮುಷ್ಟಿ ಮಾತ್ರ ಕಾಣುವ ಹಾಗೆ ಕತ್ತರಿಸಿದೆವು. ಘಟಕದ ಒಳಗೆ ತೆಗೆದ ಒಂದು ಫೋಟೋವೂ ಇತ್ತು. ಹಿಂದೆ ಇನ್ನೊಬ್ಬರ ಕೂಸು ಕಾಣುತ್ತಿತ್ತು, ಅದನ್ನು ಬಿಟ್ಟೇಬಿಟ್ಟೆವು.

ಎರಡು ಪದಗಳ ಮೇಲೆ ಬಹಳ ಹೊತ್ತು ಕೂತೆ. ಒಂದು, "ಸಾವನ್ನು ಗೆದ್ದು ಬಂದಳು." ಹಾಲು ಹಿಂಡುವ ಕೋಣೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಾಕೆಯ ಅವಳಿಗಳಲ್ಲಿ ಒಂದು ಕೂಸು ಉಳಿಯಲಿಲ್ಲ, ಇನ್ನೊಂದು ಇನ್ನೂ ಒಳಗಿತ್ತು. ಆಕೆಯ ನಂಬರು ನನ್ನ ಫೋನಿನಲ್ಲಿದೆ, ನನ್ನ ಸ್ಟೇಟಸ್ ಆಕೆಗೂ ಕಾಣುತ್ತದೆ. ನಮ್ಮದು ಗೆದ್ದಿತು ಅಂದರೆ ಆಕೆಯದು ಸೋತಿತು ಅಂದಂತೆ. ಇನ್ನೊಂದು, "ಪೂರ್ತಿ ಹುಷಾರಾಗಿದಾಳೆ." ಕಣ್ಣಿನ ಪರದೆಯ ಪರೀಕ್ಷೆ ಒಂದು ಸಲ ಆಗಿದ್ದರೂ ಮತ್ತೆ ಹೋಗಬೇಕಿತ್ತು, ಕಿವಿಯದು ಬಾಕಿ ಇತ್ತು. ಅದಕ್ಕೆ ಬರೀ "ಮನಿಗೆ ಬಂತು" ಅಂತ ಬರೆದೆ.

ಹೆಸರು ಹಾಕುವ ಆಸೆ ಇತ್ತು. ಡಿಸ್ಚಾರ್ಜಿನ ದಿನವೇ ಒಬ್ಬರನ್ನು ಕೇಳಿದ್ದೆ. "ನನ್ನೊಬ್ಬಾಕಿ ಹೆಸರು ಹಾಕಬ್ಯಾಡ್ರಿ. ರಾತ್ರಿ ಪಾಳಿಯಾಕಿ ಏನ್ ಪಾಪ ಮಾಡ್ಯಾಳ್ರಿ?" ಅಂದರು. ಹಾಗಾಗಿ ಹೆಸರಿನ ಬದಲು ಪಾಳಿ ಬಂತು. ಕೊನೆಯ ಸಾಲು ಮಾತ್ರ ನೆಂಟರಿಗಾಗಿ. ಸ್ಟೇಟಸ್ ನೋಡಿದವರು ಮರುದಿನವೇ ಕೂಸು ನೋಡಲು ಬರುವ ಊರು ನಮ್ಮದು. ಬಾಗಿಲಲ್ಲಿ ನಿಂತು ಬ್ಯಾಡ ಅನ್ನುವುದಕ್ಕಿಂತ ಅಲ್ಲೇ ಹೇಳುವುದು ಸುಲಭ. (ಆದರೂ ಮೂವರು ಬಂದರು. ಮೇ ತಿಂಗಳ ಬಿಸಿಲಲ್ಲಿ ಕೂಸಿಗೆ ಟೊಪ್ಪಿಗೆ ಯಾಕೆ ಅಂತ ಕೇಳಿ, ಉತ್ತರ ಕೇಳದೆ ಹೋದರು.)

ಕೊನೆಗೆ ಹಾಕಿದ್ದು ಇಷ್ಟು:

"38 ದಿನ ಆದಮ್ಯಾಲೆ ನಮ್ಮ ಕೂಸು ಮನಿಗೆ ಬಂತು.
ನಾನು ತಂದ 3 ಎಂಎಲ್ ಹಾಲನ್ನ ಒಂದು ಹನಿ ಚೆಲ್ಲದಂಗ ಮುಟ್ಟಿಸಿದ ಸಿಸ್ಟರ್‌ಗೆ,
ನಡುರಾತ್ರಿ ಉಸಿರು ಮರೆತಾಗ ಅಂಗಾಲು ತಟ್ಟಿ ನೆನಪು ಮಾಡಿದ ಸಿಸ್ಟರ್‌ಗೆ,
ಅಪ್ಪನ ಎದಿಮ್ಯಾಲೂ ಕೂಸು ಬೆಚ್ಚಗಿರತೈತಿ ಅಂತ ತೋರಿಸಿದ ಸಿಸ್ಟರ್‌ಗೆ, ಮೂರೂ ಪಾಳಿಯವರಿಗೆ ಶರಣು.
ಕೂಸು ಇನ್ನೂ ಸಣ್ಣದೈತಿ. ಎರಡು ತಿಂಗಳು ಫೋನಿನ್ಯಾಗ ಮಾತಾಡೋಣ, ಆಮ್ಯಾಲೆ ಬರ್ರಿ."

ಎದೆಯ ಮಾತು ನಮ್ಮವರದು. ಕೂಸನ್ನು ಬರೀ ಡಯಾಪರ್, ಟೊಪ್ಪಿಗೆಯಲ್ಲಿ ಎದೆಯ ನಡುವೆ ನೆಟ್ಟಗೆ ಇಟ್ಟು, ಕಾಲು ಕಪ್ಪೆಯ ಹಾಗೆ ಮಡಿಸಿ, ಮೂಗು ಮುಚ್ಚದಂತೆ ಮುಖ ಒಂದು ಪಕ್ಕಕ್ಕೆ ತಿರುಗಿಸಿ ಕಟ್ಟುವುದು. ಹೊಲದಲ್ಲಿ ನೇಗಿಲು ಹಿಡಿದ ಮನುಷ್ಯ ಒಂದು ತಾಸು ಅಲುಗದೆ ಕೂತಿದ್ದರು. ಆ ಸಾಲು ತೆಗೆಯಲು ಬಿಡಲಿಲ್ಲ.

ಸ್ಟೇಟಸ್‌ಗೆ ನೂರಾರು ಕೈಮುಗಿದ ಚಿತ್ರಗಳು ಬಂದವು. ಮರುದಿನ ನೋಡಿದವರ ಪಟ್ಟಿ ತೆಗೆದರೆ ಒಬ್ಬ ಸಿಸ್ಟರ್ ಕೂಡ ಇಲ್ಲ. ಇಬ್ಬರ ಫೋನಿನಲ್ಲೂ ಇಬ್ಬರ ನಂಬರು ಇದ್ದರೆ ಮಾತ್ರ ಕಾಣುತ್ತದಲ್ಲ, ಅವರ ನಂಬರು ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಥ್ಯಾಂಕ್ಸ್ ಹೇಳಿದ್ದು ಬೀಗರಿಗೆ, ಗೊಬ್ಬರದ ಅಂಗಡಿಯವನಿಗೆ ಆಯಿತು. ಮೊದಲ ನಾಲ್ಕು ಸಾಲನ್ನು ಒಂದು ದಪ್ಪ ಹಾಳೆಯ ಮೇಲೆ ಕೈಯಾರೆ ಬರೆದು, ಮುಷ್ಟಿಯ ಫೋಟೋ ಅಂಟಿಸಿ, ಹತ್ತು ದಿನದ ನಂತರ ಕಣ್ಣಿನ ಪರೀಕ್ಷೆಗೆ ಹೋದಾಗ ಒಯ್ದೆ.

ಪಾಳಿಯಲ್ಲಿದ್ದ ಸಿಸ್ಟರ್ ಓದಿದರು. "ಅಂಗಾಲಿಂದು ನಾನಲ್ರಿ, ಆವತ್ತು ನಂದು ರಜಾ ಇತ್ತು. ಹಾಲಿಂದೂ ನಾನು ಹೌದೋ ಅಲ್ಲೋ ನೆನಪಿಲ್ಲ, ಎಲ್ಲಾರಿಗೂ ಹಂಗ ಮಾಡ್ತೀವಿ" ಅಂದು ಹಾಳೆಯನ್ನು ಮಡಿಸದೆ ರಿಜಿಸ್ಟರ್ ಒಳಗಿಟ್ಟರು. ಆಮೇಲೆ ಕೂಸಿನ ಬಟ್ಟೆ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿದರು. 2,040.